ಒಂದೇ ಹೆಸರು, ಎರಡು ಕಜ್ಜಿ

ನಾಯಿಯ ಚರ್ಮದಲ್ಲಿ ಮನೆ ಮಾಡುವ ಎರಡು ನುಸಿಗಳ ವೃತ್ತಾಂತ

‘ಕಜ್ಜಿ ನಾಯಿ’ ಎಂಬ ಮಾತು ಕನ್ನಡದಲ್ಲಿ ಬೈಗುಳವಾಗಿಯೂ ಬಳಕೆಯಲ್ಲಿದೆ. ಕೂದಲುದುರಿ, ತೊಗಲು ದಪ್ಪಗಟ್ಟಿ, ಹಗಲಿರುಳೂ ಕೆರೆದುಕೊಳ್ಳುತ್ತ ಬೀದಿಯ ಮೂಲೆಯಲ್ಲಿ ಮುದುಡಿ ಮಲಗಿದ ಪ್ರಾಣಿಯ ಚಿತ್ರವು ಆ ಮಾತಿನೊಡನೆಯೇ ಕಣ್ಣ ಮುಂದೆ ನಿಲ್ಲುತ್ತದೆ. ಅಂಥ ನಾಯಿಯನ್ನು ಕಂಡವರು ಮಕ್ಕಳನ್ನು ಹತ್ತಿರಕ್ಕೆಳೆದುಕೊಂಡು ದೂರ ಸರಿಯುತ್ತಾರೆ. ಮುಟ್ಟಿದರೆ ಅಂಟೀತೆಂಬ ಭಯ ಅವರದು.

ಆ ಭಯ ಕೆಲವೊಮ್ಮೆ ನಿಜ, ಕೆಲವೊಮ್ಮೆ ಪೂರ್ಣ ನಿರಾಧಾರ. ಏಕೆಂದರೆ ಜನರು ಕಜ್ಜಿ ಎಂಬ ಒಂದೇ ಹೆಸರಿನಿಂದ ಕರೆಯುವ ಬೇನೆಯು ನಾಯಿಗಳಲ್ಲಿ ಮುಖ್ಯವಾಗಿ ಎರಡು ಬಗೆಯಾಗಿದೆ. ಎರಡಕ್ಕೂ ಕಾರಣ ನುಸಿಯೇ. ಆದರೆ ಒಂದು ನುಸಿ ಹೊರಗಿನಿಂದ ನುಗ್ಗಿ ಬರುವ ದರೋಡೆಕಾರ. ಇನ್ನೊಂದು, ತಾಯಿಯ ಮೊಲೆಹಾಲಿನ ದಿನಗಳಿಂದಲೂ ಮೈಯಲ್ಲೇ ಬೀಡುಬಿಟ್ಟ ಒಕ್ಕಲು. ಮೊದಲನೆಯದು ಮನುಷ್ಯರನ್ನೂ ಕಾಡುತ್ತದೆ, ಎರಡನೆಯದು ಕಾಡದು. ಇವೆರಡನ್ನು ಬೇರ್ಪಡಿಸಿ ನೋಡದೆ ಕೊಟ್ಟ ಔಷಧವು ಎಷ್ಟೋ ನಾಯಿಗಳ ಬೇನೆಯನ್ನು ಬೆಳೆಸಿದೆ. ಎಷ್ಟೋ ನಾಯಿಗಳು ಮಾಡದ ತಪ್ಪಿಗೆ ಮನೆಯಿಂದ ಹೊರಬಿದ್ದಿವೆ.

ಚರ್ಮದೊಳಗಿನ ಸುರಂಗ

ತೆಂಗಿನಕಾಯಿಗೆ ತಗಲುವ ನುಸಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ನಾಯಿಯ ನುಸಿಗಳೂ ಅದರ ದೂರದ ಬಳಗವೇ. ಇವು ಕೀಟಗಳ ಜಾತಿಗೆ ಸೇರಿದವಲ್ಲ. ಜೇಡ, ಚೇಳು, ಉಣ್ಣೆಗಳ ನೆಂಟರು. ಬೆಳೆದ ನುಸಿಗೆ ಕಾಲು ಎಂಟು.

ಅಂಟುಕಜ್ಜಿಯನ್ನು ತರುವ ನುಸಿಯ ಹೆಸರು ಸಾರ್ಕಾಪ್ಟಿಸ್. ದುಂಡು ಮೈ, ಮೋಟು ಕಾಲುಗಳು. ಹೆಣ್ಣಿನ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಗಂಡಿನೊಡನೆ ಕೂಡಿದ ಹೆಣ್ಣು ಚರ್ಮದ ಮೇಲ್ಪದರವನ್ನು ಕೊರೆದು, ಒಳಗೆ ಅಡ್ಡಡ್ಡಲಾಗಿ ಸುರಂಗ ತೋಡುತ್ತ ಸಾಗುತ್ತದೆ. ಸಾಗುವಾಗಲೇ ಹಿಂದೆ ಮೊಟ್ಟೆಗಳನ್ನೂ ಮಲದ ಕಂದು ಕಣಗಳನ್ನೂ ಬಿಡುತ್ತದೆ. ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದು ಆರು ಕಾಲಿನ ಮರಿ ಹೊರಬರುತ್ತದೆ. ಎರಡು ಮೂರು ವಾರಗಳೊಳಗೆ ಅದೂ ಬೆಳೆದು ಮೊಟ್ಟೆಯಿಡಲು ಸಿದ್ಧವಾಗುತ್ತದೆ. ನಾಯಿಯಿಂದ ನಾಯಿಗೆ ಮೈ ತಗಲಿದರೆ ಸಾಕು, ಬೇನೆ ದಾಟುತ್ತದೆ. ಮಲಗುವ ಗೋಣಿಯಿಂದಲೂ ದಾಟಬಹುದು; ಆದರೆ ಮೈಬಿಟ್ಟು ಹೊರಬಿದ್ದ ನುಸಿ ಒಣ ಹವೆಯಲ್ಲಿ ಕೆಲವು ದಿನಗಳಿಗಿಂತ ಹೆಚ್ಚು ಬದುಕಲಾರದು.

ಮನುಷ್ಯರ ಕಜ್ಜಿಗೂ ಇದೇ ಜಾತಿಯ ನುಸಿಯ ಇನ್ನೊಂದು ಬಗೆಯೇ ಕಾರಣ. 1687ರಷ್ಟು ಹಿಂದೆಯೇ ಇಟಲಿಯ ಬೊನೊಮೊ ಎಂಬ ವೈದ್ಯನೂ ಚೆಸ್ಟೋನಿ ಎಂಬ ಔಷಧ ವ್ಯಾಪಾರಿಯೂ ಕೂಡಿ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡು ಚಿತ್ರ ಬರೆದು ತೋರಿಸಿದ್ದರು. ಆದರೆ ಈ ಬೇನೆಯ ಬಹು ದೊಡ್ಡ ವಿಚಿತ್ರವು ಬೆಳಕಿಗೆ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಕೆನೆತ್ ಮೆಲನ್‌ಬಿ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲೊಪ್ಪದ ಸ್ವಯಂಸೇವಕರ ಮೇಲೆ 1941ರಿಂದ ಕಜ್ಜಿಯ ಪ್ರಯೋಗಗಳನ್ನು ನಡೆಸಿದ. ಕಜ್ಜಿ ಹಿಡಿದ ನೂರಾರು ಸೈನಿಕರ ಮೈಮೇಲಿನ ನುಸಿಗಳನ್ನೂ ಎಣಿಸಿದ. ಮೈತುಂಬ ಕೆರೆದುಕೊಳ್ಳುತ್ತಿದ್ದ ಒಬ್ಬೊಬ್ಬನ ದೇಹದಲ್ಲಿ ಸಿಕ್ಕ ಬೆಳೆದ ಹೆಣ್ಣುನುಸಿಗಳು ಸರಾಸರಿ ಸುಮಾರು 11 ಮಾತ್ರ! ಮೊದಲ ಸಲ ನುಸಿ ತಗಲಿದವರಿಗೆ ಸುಮಾರು ಒಂದು ತಿಂಗಳವರೆಗೆ ತುರಿಕೆಯೇ ತೋರಲಿಲ್ಲ. ಎರಡನೆಯ ಸಲ ತಗಲಿದಾಗ ಒಂದೇ ದಿನದಲ್ಲಿ ತುರಿಕೆ ಎದ್ದಿತು.

ಇದರ ಅರ್ಥ ಸ್ಪಷ್ಟ. ತುರಿಕೆಯನ್ನು ಹುಟ್ಟಿಸುವುದು ನುಸಿಯ ಕೊರೆತವಷ್ಟೇ ಅಲ್ಲ; ನುಸಿಯ ಎಂಜಲು, ಮಲ, ಮೊಟ್ಟೆಗಳನ್ನು ದೇಹವು ವೈರಿಯೆಂದು ಗುರುತಿಸಿ ಹೂಡುವ ಹೋರಾಟವೇ ಅದರ ಮೂಲ. ನಾಯಿಯಲ್ಲಿಯೂ ಹೀಗೆಯೇ. ಕೆಲವೇ ನುಸಿಗಳು ಇಡೀ ಪ್ರಾಣಿಯನ್ನು ಹುಚ್ಚೆಬ್ಬಿಸಬಲ್ಲವು. ಊಟ ಬಿಟ್ಟು, ನಿದ್ರೆ ಬಿಟ್ಟು ಅದು ಕೆರೆಯುತ್ತದೆ. ಕಿವಿಯಂಚು, ಮೊಣಕೈ, ಹಿಂಗಾಲಿನ ಹಿಮ್ಮಡಿಗಂಟು, ಎದೆ, ಹೊಟ್ಟೆ ಮುಂತಾದ ಕೂದಲು ತೆಳುವಾದ ಎಡೆಗಳಲ್ಲಿ ಕೆಂಪು ಗುಳ್ಳೆಗಳೂ ಹಳದಿ ಹಕ್ಕಳೆಯೂ ಕಾಣಿಸುತ್ತವೆ. ಬೆನ್ನು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಕೂದಲ ಬುಡದ ಒಕ್ಕಲು

ಎರಡನೆಯ ನುಸಿ ಡೆಮೊಡೆಕ್ಸ್. ಇದರ ಆಕಾರವೇ ಬೇರೆ. ಚುಟ್ಟದಂತೆ ಉದ್ದ ಮೈ. ಮುಂಭಾಗದಲ್ಲಿ ಮಾತ್ರ ನಾಲ್ಕು ಜೊತೆ ಮೊಂಡು ಕಾಲುಗಳು. ಇದು ಸುರಂಗ ತೋಡುವುದಿಲ್ಲ. ಕೂದಲು ಹುಟ್ಟುವ ಕುಳಿಯೊಳಗೆ ತಲೆ ಕೆಳಗಾಗಿ ಇಳಿದು, ಅಲ್ಲಿಯ ಜೀವಕಣಗಳನ್ನೂ ಎಣ್ಣೆಯಂಶವನ್ನೂ ತಿಂದು ಬಾಳುತ್ತದೆ. ಹುಟ್ಟಿದ ಮೊದಲ ಎರಡು ಮೂರು ದಿನಗಳಲ್ಲಿ, ಮರಿ ತಾಯಿಗಂಟಿಕೊಂಡು ಹಾಲು ಕುಡಿಯುವಾಗ, ತಾಯಿಯ ಮೈಯಿಂದ ಮರಿಯ ಮೂತಿಗೆ ಇದು ಹತ್ತುತ್ತದೆ. ಆರೋಗ್ಯವಂತ ನಾಯಿಗಳ ಮೈಮೇಲೆಯೂ ಇದು ಅಲ್ಪ ಸಂಖ್ಯೆಯಲ್ಲಿ ಇದ್ದೇ ಇರುತ್ತದೆ. ಜೀವಮಾನವಿಡೀ ಯಾವ ತೊಂದರೆಯನ್ನೂ ಮಾಡದಿರಬಹುದು. ಮನುಷ್ಯರ ಮುಖದ ಮೇಲೂ ಅವರದೇ ಆದ ಡೆಮೊಡೆಕ್ಸ್ ನುಸಿಗಳಿವೆಯೆಂದರೆ ಅನೇಕರು ಹುಬ್ಬೇರಿಸಬಹುದು. ಆದರೆ ಅದು ಸತ್ಯ.

ಹಾಗಾದರೆ ಬೇನೆ ಏಕೆ ಬರುತ್ತದೆ? ಒಕ್ಕಲನ್ನು ಹದ್ದಿನಲ್ಲಿಡುವುದು ನಾಯಿಯ ದೇಹದ ರಕ್ಷಣಾಶಕ್ತಿ. ಆ ಕಾವಲು ಸಡಿಲಿದಾಗ ನುಸಿಗಳು ಮಿತಿಮೀರಿ ಬೆಳೆಯುತ್ತವೆ. ಒಂದೊಂದು ಕೂದಲಕುಳಿಯಲ್ಲೂ ಹತ್ತಾರು ನುಸಿಗಳು ತುಂಬಿ, ಕುಳಿ ಉಬ್ಬಿ, ಕೂದಲು ಉದುರುತ್ತದೆ. ವಂಶದಿಂದ ಬಂದ ದೋಷವಿದ್ದ ಮರಿಗಳಲ್ಲಿ ಇದು ಒಂದೂವರೆ ವರ್ಷದೊಳಗೆ ತೋರುತ್ತದೆ. ಕಣ್ಣಿನ ಸುತ್ತ, ತುಟಿಯಂಚಿನಲ್ಲಿ, ಮುಂಗಾಲಿನ ಮೇಲೆ ಒಂದೆರಡು ಬೋಳು ಮಚ್ಚೆಗಳಿದ್ದರೆ ಹೆಚ್ಚಿನ ಮರಿಗಳಲ್ಲಿ ಅವು ಕೆಲವು ತಿಂಗಳಲ್ಲಿ ತಾವಾಗಿಯೇ ಮಾಯುತ್ತವೆ. ಮೈಯೆಲ್ಲ ಹಬ್ಬಿದರೆ ಮಾತ್ರ ಕೇಡು. ವಯಸ್ಸಾದ ನಾಯಿಯಲ್ಲಿ ಇದು ಹೊಸದಾಗಿ ಕಂಡರೆ ಒಳಗೆ ಬೇರೇನೋ ಬೇನೆ ಅಡಗಿರಬಹುದು, ಇಲ್ಲವೆ ಬಹುದಿನ ಕೊಟ್ಟ ಸ್ಟೀರಾಯ್ಡ್ ಔಷಧ ಅದಕ್ಕೆ ಕಾರಣವಾಗಿರಬಹುದು.

ಡೆಮೊಡೆಕ್ಸ್ ಕಜ್ಜಿಯಲ್ಲಿ ಮೊದಮೊದಲು ತುರಿಕೆ ಇರುವುದಿಲ್ಲ, ಇದ್ದರೂ ಅತ್ಯಲ್ಪ. ಒಡೆದ ಕುಳಿಗಳಿಗೆ ಬ್ಯಾಕ್ಟೀರಿಯಾ ಸೇರಿ ಕೀವಾದ ಮೇಲೆ ತುರಿಕೆಯೂ ನೋವೂ ದುರ್ವಾಸನೆಯೂ ಹುಟ್ಟುತ್ತವೆ. ಆ ಹಂತದಲ್ಲಿ ಎರಡು ಕಜ್ಜಿಗಳೂ ಹೊರನೋಟಕ್ಕೆ ಒಂದೇ ಬಗೆಯಾಗಿ ತೋರುತ್ತವೆ. ಕಣ್ಣಳತೆಯ ತೀರ್ಮಾನ ಇಲ್ಲಿಗೆ ನಿಲ್ಲಬೇಕು. ಮುಂದಿನದು ಸೂಕ್ಷ್ಮದರ್ಶಕದ ಕೆಲಸ.

ಕೆರೆದು ನೋಡುವ ಪರೀಕ್ಷೆ

ಈ ಪರೀಕ್ಷೆಗೆ ಬೇಕಾದುದು ಹೆಚ್ಚೇನಿಲ್ಲ: ಮೊಂಡು ಮಾಡಿದ ಒಂದು ಅಲಗು, ಒಂದೆರಡು ಹನಿ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ, ಗಾಜಿನ ಪಟ್ಟಿ, ಸೂಕ್ಷ್ಮದರ್ಶಕ. ಆದರೆ ಎರಡು ನುಸಿಗಳು ವಾಸಿಸುವ ಎಡೆ ಬೇರೆಯಾದುದರಿಂದ ಕೆರೆಯುವ ರೀತಿಯೂ ಬೇರೆ.

ಸಾರ್ಕಾಪ್ಟಿಸ್ ಮೇಲ್ಪದರದಲ್ಲಿದೆ, ಸಂಖ್ಯೆಯಲ್ಲಿ ವಿರಳ. ಆದ್ದರಿಂದ ಮೇಲುಮೇಲಾಗಿ, ಆದರೆ ವಿಶಾಲವಾಗಿ ಕೆರೆಯಬೇಕು. ಕಿವಿಯಂಚು, ಮೊಣಕೈ, ಹಿಮ್ಮಡಿಗಂಟುಗಳಲ್ಲಿ, ನಾಯಿ ಇನ್ನೂ ಕೆರೆದು ಹಾಳುಮಾಡದ ಹೊಸ ಗುಳ್ಳೆಗಳನ್ನು ಆರಿಸಿ, ಹತ್ತಾರು ಕಡೆಯ ಹಕ್ಕಳೆಯನ್ನು ಸಂಗ್ರಹಿಸಬೇಕು. ಒಂದೇ ಒಂದು ನುಸಿ, ಒಂದೇ ಒಂದು ಮೊಟ್ಟೆ, ಕೊನೆಗೆ ಮಲದ ಕಂದು ಕಣಗಳು ಸಿಕ್ಕರೂ ರೋಗ ಖಚಿತ. ಆದರೆ ಇಷ್ಟೆಲ್ಲ ಮಾಡಿದರೂ ರೋಗವಿರುವ ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಏನೂ ಸಿಗದೆ ಹೋಗಬಹುದು. ಆದುದರಿಂದ ‘ಪಟ್ಟಿಯಲ್ಲಿ ನುಸಿ ಕಾಣಲಿಲ್ಲ’ ಎಂಬ ಮಾತಿಗೆ ‘ಅಂಟುಕಜ್ಜಿ ಇಲ್ಲ’ ಎಂಬ ಅರ್ಥವನ್ನು ಕಟ್ಟಲಾಗದು.

ಈ ಕೊರತೆಯನ್ನು ತುಂಬುವ ಸರಳ ಉಪಾಯವೊಂದಿದೆ. ಕಿವಿಯ ಅಂಚನ್ನು ಮಡಿಸಿ, ಬೆರಳುಗಳ ನಡುವೆ ಹಿಡಿದು ಕೆಲವು ಕ್ಷಣ ಉಜ್ಜಿದರೆ, ಅಂಟುಕಜ್ಜಿಯ ನಾಯಿ ಅದೇ ಮಗ್ಗುಲಿನ ಹಿಂಗಾಲನ್ನೆತ್ತಿ ಗಾಳಿಯಲ್ಲೇ ಕೆರೆಯತೊಡಗುತ್ತದೆ. ರೋಗವಿರುವ ನಾಲ್ಕು ನಾಯಿಗಳಲ್ಲಿ ಮೂರಕ್ಕಿಂತ ಕಡಿಮೆಯಿಲ್ಲದಷ್ಟು ಹೀಗೆ ಮಾಡುತ್ತವೆ. ಇದೊಂದೇ ಸಾಕ್ಷಿಯಾಗದು, ಬೇರೆ ಲಕ್ಷಣಗಳ ಜೊತೆಗೂಡಿದಾಗ ಬಲವಾದ ಸುಳಿವು.

ಡೆಮೊಡೆಕ್ಸ್ ಆಳದಲ್ಲಿದೆ. ಅದಕ್ಕಾಗಿ ಚರ್ಮವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿ ನುಸಿಗಳನ್ನು ಕುಳಿಯಿಂದ ಮೇಲಕ್ಕೆ ತಂದು, ಕೂದಲು ಬೆಳೆಯುವ ದಿಕ್ಕಿನಲ್ಲಿ, ರಕ್ತ ಸಣ್ಣಗೆ ಜಿನುಗುವವರೆಗೆ ಕೆರೆಯಬೇಕು. ರಕ್ತ ಜಿನುಗದಿದ್ದರೆ ಅಲಗು ನುಸಿಯ ಮನೆಯನ್ನು ಮುಟ್ಟಿಲ್ಲವೆಂದೇ ತಿಳಿಯಬೇಕು. ಕಣ್ಣಿನ ಸುತ್ತ ಅಲಗು ಆಡಿಸುವುದು ಅಪಾಯ. ಅಲ್ಲಿ ಕೆಲವು ಕೂದಲನ್ನು ಬುಡಸಹಿತ ಕಿತ್ತು ಎಣ್ಣೆಯಲ್ಲಿಟ್ಟು ನೋಡುತ್ತಾರೆ. ಹೀಗೆ ಸರಿಯಾಗಿ ಕೆರೆದರೆ ರೋಗವಿರುವ ನಾಯಿಯಲ್ಲಿ ಈ ನುಸಿಗಳು ಸಾಮಾನ್ಯವಾಗಿ ಕಣ್ಣು ತಪ್ಪಿಸಿಕೊಳ್ಳಲಾರವು. ಇಲ್ಲಿಯ ತೊಡಕು ಇನ್ನೊಂದು ಬಗೆಯದು: ಒಂದು ನುಸಿ ಸಿಕ್ಕ ಮಾತ್ರಕ್ಕೆ ರೋಗವೆನ್ನಲಾಗದು, ಏಕೆಂದರೆ ಅದು ಹಳೆಯ ಒಕ್ಕಲಾಗಿರಬಹುದು. ಆಗ ಬೇರೆ ಎಡೆಗಳಲ್ಲೂ ಕೆರೆದು ನೋಡಬೇಕು. ರೋಗವನ್ನು ಸಾರುವುದು ನುಸಿಗಳ ದಂಡು, ಮರಿಗಳು, ಮೊಟ್ಟೆಗಳು.

ಮೈಸೂರಿನ ಒಂದು ಮನೆ

ಇವೆರಡೂ ಒಂದೇ ಹೊಸ್ತಿಲಲ್ಲಿ ಕೂಡಿದರೆ ಎಂಥ ಗೊಂದಲ ಹುಟ್ಟೀತೆಂಬುದಕ್ಕೆ ಮೈಸೂರಿನ ಮನೆಯೊಂದರ ಸಂಗತಿ ನಿದರ್ಶನ. ಆ ಮನೆಯಲ್ಲಿ ಚಿನ್ನಿ ಎಂಬ ಪಗ್ ಜಾತಿಯ ಹೆಣ್ಣು ಮರಿ. ಎಂಟು ತಿಂಗಳ ವಯಸ್ಸು, ಆರು ಕಿಲೋ ತೂಕ. ಬಲಗಣ್ಣಿನ ಮೇಲೂ ಮುಂಗಾಲಿನ ಮೇಲೂ ಎರಡು ಬೋಳು ಮಚ್ಚೆಗಳೆದ್ದವು. ಯಾರೋ ಅಲರ್ಜಿಯೆಂದು ಊಹಿಸಿ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿದರು. ಒಂದು ವಾರ ಕೆಂಪು ತಗ್ಗಿತು. ಒಂದು ತಿಂಗಳೊಳಗೆ ಮಚ್ಚೆಗಳು ಮುಖವನ್ನೆಲ್ಲ ಆವರಿಸಿ, ಮುಂಗಾಲಿನ ಪಾದಗಳಲ್ಲಿ ಕೀವು ಕಟ್ಟಿತು. ಅದೇ ಸಮಯಕ್ಕೆ ಮನೆಯ ಏಳು ವರ್ಷದ ಹುಡುಗನ ತೋಳು ಹೊಟ್ಟೆಗಳ ಮೇಲೆ ತುರಿಸುವ ಕೆಂಪು ಗುಳ್ಳೆಗಳು ಕಾಣಿಸಿಕೊಂಡವು. ಮನೆಯ ಅಜ್ಜಿ ತೀರ್ಪಿತ್ತುಬಿಟ್ಟರು: “ಈ ಕಜ್ಜಿ ಮರಿಯನ್ನ ಮೊದಲು ಮನೆಯಿಂದ ಸಾಗಿಸಿ. ಮಗೂಗಿಂತ ನಾಯಿ ಹೆಚ್ಚಾಯಿತೇ?”

ಸಾಗಿಸುವ ಮೊದಲು ಒಮ್ಮೆ ತೋರಿಸೋಣವೆಂದು ಹುಡುಗನ ತಂದೆ ಚಿನ್ನಿಯನ್ನು ಪಶುವೈದ್ಯರಲ್ಲಿಗೆ ಕರೆದೊಯ್ದರು. ಅಜ್ಜಿಯೂ ಹುಡುಗನೂ ಜೊತೆಗಿದ್ದರು. ಮುಂಗಾಲಿನಿಂದ ಆಳವಾಗಿ ಕೆರೆದ ಪಟ್ಟಿಯಲ್ಲಿ 40ಕ್ಕೂ ಹೆಚ್ಚು ಬೆಳೆದ ಡೆಮೊಡೆಕ್ಸ್ ನುಸಿಗಳು, 12 ಮರಿಗಳು, ಕೆಲವು ಮೊಟ್ಟೆಗಳು ಕಂಡವು. ಕಣ್ಣಿನ ಬಳಿ ಕಿತ್ತ ಕೂದಲಬುಡದಲ್ಲೂ ನುಸಿಗಳಿದ್ದವು. ಚಿನ್ನಿಯ ರೋಗ ನಿಶ್ಚಯವಾಯಿತು. ಆದರೆ ಅಷ್ಟರಿಂದಲೇ ವೈದ್ಯರಿಗೆ ಸಂದೇಹ ಹುಟ್ಟಿತು. ನಾಯಿಯ ಡೆಮೊಡೆಕ್ಸ್ ಮನುಷ್ಯರನ್ನು ಕಾಡುವುದಿಲ್ಲ. ಹಾಗಿದ್ದರೆ ಹುಡುಗನ ಗುಳ್ಳೆಗಳೆಲ್ಲಿಂದ ಬಂದವು?

“ಅಮ್ಮಾ, ಮನೆಯ ಹತ್ತಿರ ಬೇರೆ ನಾಯಿ ಏನಾದರೂ ಬರುತ್ತದೆಯೇ?” ಎಂದು ಅವರು ಕೇಳಿದರು.

“ಜಗಲಿ ಕೆಳಗೆ ಒಂದು ಕರಿ ನಾಯಿ ಮಲಗುತ್ತೆ ಡಾಕ್ಟ್ರೇ. ಇವನೇ ದಿನಾ ಅದಕ್ಕೆ ಬಿಸ್ಕತ್ತು ಹಾಕೋದು” ಎಂದರು ಅಜ್ಜಿ.

ಮರುದಿನ ಕರಿಯನನ್ನೂ ಕರೆತಂದರು. ಕಿವಿಯಂಚಿನಲ್ಲಿ ಹಕ್ಕಳೆ, ಮೊಣಕೈ ಬೋಳು, ಬೆನ್ನು ಮಾತ್ರ ನಯ. ಹತ್ತು ಕಡೆ ಕೆರೆದರೂ ಪಟ್ಟಿಯಲ್ಲಿ ಒಂದೂ ನುಸಿ ಸಿಗಲಿಲ್ಲ. ಆದರೆ ಕಿವಿಯಂಚನ್ನು ಉಜ್ಜಿದೊಡನೆ ಹಿಂಗಾಲು ಯಂತ್ರದಂತೆ ಆಡತೊಡಗಿತು. ತಡೆಯಲಾಗದ ತುರಿಕೆ, ಗುಳ್ಳೆಗಳಿದ್ದ ಎಡೆ, ಒಡನಾಡಿದ ಹುಡುಗನ ಮೈಮೇಲಿನ ಗುರುತು, ಕಾಲಿನ ಆಟ ಈ ನಾಲ್ಕೂ ಕೂಡಿ ಒಂದೇ ಕಡೆ ಬೆರಳು ತೋರಿದವು. ಪಟ್ಟಿ ಖಾಲಿಯಿದ್ದರೂ ಅಂಟುಕಜ್ಜಿಯೆಂದೇ ಎಣಿಸಿ ಚಿಕಿತ್ಸೆ ಕೊಟ್ಟು ನೋಡುವುದು ಇಂಥಲ್ಲಿ ವೈದ್ಯರೊಪ್ಪಿದ ಮಾರ್ಗ. ನುಸಿ ಹೇರಳವಾಗಿ ಸಿಕ್ಕ ಚಿನ್ನಿ ನಿರಪರಾಧಿ. ನುಸಿಯೇ ಸಿಗದ ಕರಿಯನಿಂದ ಮಗುವಿಗೆ ಸೋಂಕು!

ಮಾತ್ರೆಯ ಕೆಲಸ

ಹಿಂದೆ ಈ ಬೇನೆಗಳ ಚಿಕಿತ್ಸೆ ದೀರ್ಘವೂ ಕಷ್ಟಕರವೂ ಆಗಿತ್ತು. ಅಮಿಟ್ರಾಜ್ ದ್ರಾವಣದ ಸ್ನಾನವನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮಾಡಿಸಬೇಕಾಗಿತ್ತು. ಮುಂದೆ ಐವರ್‌ಮೆಕ್ಟಿನ್ ಬಂದಿತು. ಅದನ್ನು ಕಂಡುಹಿಡಿದ ಜಪಾನಿನ ಓಮುರ ಮತ್ತು ಅಮೆರಿಕದ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಆದರೆ ಕೋಲೀ ಮುಂತಾದ ಕುರಿಗಾವಲಿನ ತಳಿಗಳಲ್ಲಿ ಒಂದು ವಂಶದೋಷದಿಂದಾಗಿ ಕಜ್ಜಿಗೆ ಕೊಡುವ ಪ್ರಮಾಣದ ಐವರ್‌ಮೆಕ್ಟಿನ್ ಮಿದುಳಿಗೇರಿ ಪ್ರಾಣವನ್ನೇ ತೆಗೆಯಬಲ್ಲದು. 2013ರಿಂದೀಚೆಗೆ ಚಿಗಟ, ಉಣ್ಣೆಗಳಿಗೆಂದು ಬಂದ ಹೊಸ ಗುಂಪಿನ ಮಾತ್ರೆಗಳು ಎರಡು ಕಜ್ಜಿಗಳ ಮೇಲೂ ಕೆಲಸ ಮಾಡುವುದು ಕಂಡುಬಂದಿತು. ಅಫಾಕ್ಸೊಲ್ಯಾನರ್, ಫ್ಲುರಲ್ಯಾನರ್ ಈ ಗುಂಪಿನವು. ಮಾತ್ರೆಯ ಸತ್ವ ರಕ್ತದ ಮೂಲಕ ಚರ್ಮವನ್ನು ಸೇರುತ್ತದೆ. ಅದನ್ನುಂಡ ನುಸಿಯ ನರಗಳು ಹತೋಟಿ ತಪ್ಪಿ, ಅದು ಸಾಯುತ್ತದೆ. ಮೂರ್ಛೆರೋಗದ ಇತಿಹಾಸವಿರುವ ನಾಯಿಗೆ ಇವನ್ನು ಕೊಡುವ ಮೊದಲು ವೈದ್ಯರಿಗೆ ಆ ವಿಷಯ ತಿಳಿಸಲೇಬೇಕು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿ ಈ ಎಚ್ಚರಿಕೆಯನ್ನು ಪ್ರಕಟಿಸಿತು.

ವೈದ್ಯರು ತೂಕಕ್ಕನುಗುಣವಾಗಿ ತಿಂಗಳಿಗೊಂದರಂತೆ ಚಿನ್ನಿಗೆ 28.3 ಮಿಲಿಗ್ರಾಮಿನ, 16 ಕಿಲೋ ತೂಗುತ್ತಿದ್ದ ಕರಿಯನಿಗೆ 68 ಮಿಲಿಗ್ರಾಮಿನ ಅಫಾಕ್ಸೊಲ್ಯಾನರ್ ಮಾತ್ರೆಯನ್ನು ಬರೆದುಕೊಟ್ಟರು. ಕೀವಿಗಾಗಿ ಚಿನ್ನಿಗೆ ಕ್ಲೋರ್‌ಹೆಕ್ಸಿಡಿನ್ ಶಾಂಪೂವಿನ ಸ್ನಾನ. ನೊರೆಯನ್ನು ಹತ್ತು ನಿಮಿಷ ಮೈಮೇಲೆ ಬಿಟ್ಟು ತೊಳೆಯಬೇಕು. ಸ್ಟೀರಾಯ್ಡ್ ಇನ್ನು ಮುಟ್ಟಕೂಡದು. ಕರಿಯನ ಗೋಣಿಯನ್ನು ಸುಟ್ಟು, ಹಳೆಯ ಹೊದಿಕೆಗಳನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿದರು. ಹುಡುಗನನ್ನು ಮಕ್ಕಳ ವೈದ್ಯರಿಗೆ ತೋರಿಸಿದರು. ನಾಯಿಯ ಸಾರ್ಕಾಪ್ಟಿಸ್ ಮನುಷ್ಯನ ಮೈಯಲ್ಲಿ ಸಂತತಿ ಬೆಳೆಸಿ ನೆಲೆಯೂರಲಾರದು; ನಾಯಿ ಗುಣವಾದರೆ ಗುಳ್ಳೆಗಳು ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ತಾವೇ ಅಡಗುತ್ತವೆ. ಅಡಗದೆ, ಬೆರಳ ಸಂದುಗಳಲ್ಲಿ ರಾತ್ರಿ ತುರಿಕೆ ಹೆಚ್ಚಿದರೆ ಅದು ಮನುಷ್ಯರ ಕಜ್ಜಿಯೇ ಆಗಿರಬಹುದು. ಅದಕ್ಕೆ ಮನೆಮಂದಿಗೆಲ್ಲ ಬೇರೆಯೇ ಚಿಕಿತ್ಸೆ ಬೇಕು.

ಮೊದಲ ವಾರ ಕರಿಯನ ತುರಿಕೆ ಅಷ್ಟಾಗಿ ತಗ್ಗಲಿಲ್ಲ. ಔಷಧ ಫಲಿಸಲಿಲ್ಲವೆಂದು ಜನರು ನಿರಾಶರಾಗುವುದು ಈ ಘಟ್ಟದಲ್ಲಿಯೇ. ಸತ್ತ ನುಸಿಗಳೂ ಮೊಟ್ಟೆಗಳೂ ಚರ್ಮದ ಪದರದೊಡನೆ ಉದುರಿಹೋಗುವವರೆಗೆ ದೇಹದ ಸಿಟ್ಟು ಇಳಿಯುವುದಿಲ್ಲ. ಮೂರನೆಯ ವಾರಕ್ಕೆ ಅದು ರಾತ್ರಿಯಿಡೀ ನಿದ್ರಿಸಿತು. ಹುಡುಗನ ತೋಳುಗಳೂ ಅಷ್ಟರಲ್ಲಿ ನಯವಾಗಿದ್ದವು. ಎರಡನೆಯ ಮಾತ್ರೆಯೊಡನೆ ಕರಿಯನ ಚಿಕಿತ್ಸೆ ಮುಗಿಯಿತು. ಆ ಮಾತ್ರೆ ಎರಡು ಕಜ್ಜಿಗಳ ಮೇಲೂ ಕೆಲಸ ಮಾಡುವುದರಿಂದ ಈ ಗುಣವೊಂದೇ ಪುರಾವೆಯಾಗದು; ಆದರೆ ಬೇರೆ ಲಕ್ಷಣಗಳ ಜೊತೆಗೂಡಿ ಅವನ ಕಜ್ಜಿ ಸಾರ್ಕಾಪ್ಟಿಸ್ ನುಸಿಯದೇ ಎಂಬ ಎಣಿಕೆಯನ್ನು ಬಲಪಡಿಸಿತು.

ಚಿನ್ನಿಯ ದಾರಿ ಇನ್ನೂ ಉದ್ದ. 28ನೆಯ ದಿನ ಅದೇ ಮುಂಗಾಲಿನ ಅದೇ ಎಡೆಯಿಂದ ಕೆರೆದ ಪಟ್ಟಿಯಲ್ಲಿ ಆರು ನುಸಿಗಳು. ಹೆಚ್ಚಿನವು ಸತ್ತವು, ಮೊಟ್ಟೆ ಒಂದೂ ಇಲ್ಲ. 56ನೆಯ ದಿನದ ಪಟ್ಟಿಯಲ್ಲಿ ನುಸಿಯಿಲ್ಲ, ಕೂದಲೂ ತುಂಬಿತ್ತು. ಮನೆಯವರು ಔಷಧ ಸಾಕೆಂದರು. ವೈದ್ಯರು ಒಪ್ಪಲಿಲ್ಲ. ಕೂದಲು ಬಂದುದು ಗುಣದ ಗುರುತೇ ಹೊರತು ನುಸಿ ತೀರಿದ ಗುರುತಲ್ಲ. ತಿಂಗಳಂತರದಲ್ಲಿ ಎರಡು ಸಲ ಪಟ್ಟಿ ಖಾಲಿಯಿರಬೇಕು, ಆಮೇಲೂ ಒಂದು ತಿಂಗಳು ಔಷಧ ನಡೆಯಬೇಕೆಂಬುದು ನಿಯಮ. ನಡುವೆ ನಿಲ್ಲಿಸಿದ ನಾಯಿಗಳಲ್ಲಿ ಬೇನೆ ಮರುಕಳಿಸುವುದುಂಟು. 84ನೆಯ ದಿನದ ಪಟ್ಟಿಯೂ ಖಾಲಿಯಿತ್ತು. ಅಂದಿನ ಮಾತ್ರೆಯೇ ಕೊನೆಯದಾಯಿತು. ಬೆದೆಗೆ ಬಂದಾಗ ಈ ಬೇನೆ ಮತ್ತೆ ತಲೆಯೆತ್ತಬಹುದು, ಮರಿಗಳಿಗೂ ದೋಷ ಇಳಿಯಬಹುದು. ಆದುದರಿಂದ ಚಿನ್ನಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದರು.

ಕಜ್ಜಿಗೆ ಗಾಡಿಯ ಸುಟ್ಟ ಆಯಿಲ್ ಅಥವಾ ಸೀಮೆಎಣ್ಣೆ ಬಳಿಯುವ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಇದೆ. ಅದು ಚರ್ಮವನ್ನು ಸುಡುತ್ತದೆ; ನಾಯಿ ಮೈ ನೆಕ್ಕಿದಾಗ ಹೊಟ್ಟೆ ಸೇರಿ ವಿಷವಾಗುತ್ತದೆ; ಕೂದಲಬುಡದ ನುಸಿಯನ್ನಂತೂ ತಲುಪುವುದೇ ಇಲ್ಲ. ಅದರ ಬದಲು ಮನೆಯವರು ಗಮನಿಸಬೇಕಾದುದು ಮೂರು ಸಂಗತಿಗಳನ್ನು: ಬೋಳು ಮಚ್ಚೆ ಮೊದಲು ಬಂದಿತೋ ತುರಿಕೆ ಮೊದಲು ಬಂದಿತೋ, ಗುಳ್ಳೆಗಳು ಮೈಯ ಯಾವ ಎಡೆಯಲ್ಲಿವೆ, ನಾಯಿಯನ್ನು ಮುಟ್ಟಿದವರಿಗೆ ತುರಿಸುತ್ತಿದೆಯೋ ಇಲ್ಲವೋ. ಈ ಮೂರನ್ನು ಹೇಳಬಲ್ಲ ಮನೆಯವರು ವೈದ್ಯರ ಅರ್ಧ ಕೆಲಸವನ್ನು ಮುಗಿಸಿಕೊಟ್ಟಂತೆ. ಉಳಿದರ್ಧವನ್ನು ಅಲಗೂ ಗಾಜಿನ ಪಟ್ಟಿಯೂ ನೋಡಿಕೊಳ್ಳುತ್ತವೆ.